ಡಂಪಿಯೊಳಗಿನ ಕೈ

ಕೊಟ್ಟೂರಿನ ಹೊರವಲಯದಲ್ಲಿ ನಾವು ಕಟ್ಟಿದ ಹಾಸ್ಟೆಲ್ಲು ಇವತ್ತಿಗೂ ಇದೆ. ಬಸ್ಸು ಅದರ ಮುಂದೆ ಹಾದುಹೋಗುವಾಗ ನಾನು ಬೇಕೆಂದೇ ಇನ್ನೊಂದು ಕಡೆಯ ಕಿಟಕಿ ನೋಡುತ್ತೇನೆ. ಕಟ್ಟಡದ ಮೇಲೆ ನನಗೇನೂ ಸಿಟ್ಟಿಲ್ಲ, ಅದು ಚೆನ್ನಾಗಿಯೇ ನಿಂತಿದೆ. ಅದರ ಹಿಂದಿನಿಂದ ಹಳ್ಳದವರೆಗೆ ಹೋಗುವ ಚರಂಡಿಯ ಜಾಡು ಕಣ್ಣಿಗೆ ಬಿದ್ದರೆ ಮಾತ್ರ ಆ ದಿನ ಪೂರ್ತಿ ನಾನು ಕೆಲಸಕ್ಕೆ ಬಾರದವಳಾಗುತ್ತೇನೆ. ಮನೆಗೆ ಬಂದು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ರುಚಿ ನೋಡಬೇಕಾಗುತ್ತದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಹಗರಿಬೊಮ್ಮನಹಳ್ಳಿಯ ಒಬ್ಬ ಗುತ್ತಿಗೆದಾರರ ಹತ್ತಿರ ಸೈಟ್ ಎಂಜಿನಿಯರ್ ಆಗಿ ಸೇರಿದ್ದೆ. ನಮ್ಮ ಮನೆ ಕಾನಹೊಸಹಳ್ಳಿಯ ಹತ್ತಿರ. ನಮ್ಮ ಕೇರಿಯಿಂದ ಪಾಲಿಟೆಕ್ನಿಕ್ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು ಎಂದು ನಮ್ಮಪ್ಪ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆಲ್ಲ ಹೇಳುತ್ತಿದ್ದ. ಹೀಗಾಗಿ ನನ್ನ ನಡಿಗೆಯಲ್ಲಿ ಸ್ವಲ್ಪ ಗತ್ತಿತ್ತು, ನಾಲಿಗೆ ಅದಕ್ಕಿಂತ ಜೋರಾಗಿತ್ತು. ಸೈಟಿನಲ್ಲಿ ಹೆಂಗಸು ಮೆತ್ತಗಾದರೆ ಸಿಮೆಂಟು ಮೂಟೆಯೂ ಅವಳ ಮಾತು ಕೇಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಅದೇ ಸೈಟಿನಲ್ಲಿ ಅವನು ಸೂಪರ್‌ವೈಸರ್ ಆಗಿದ್ದ. ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಕಡೆಯವನು. ಬರೆಯುವಾಗ ಅವನು ಎನ್ನುತ್ತಿದ್ದೇನೆ, ಎದುರಿಗೆ ಒಂದು ದಿನವೂ ಏಕವಚನ ಬಳಸಲಿಲ್ಲ. ನಾನು 'ಸೂಪರ್‌ವೈಸರ್ರೇ' ಎಂದರೆ ಅವನು 'ಮೇಡಮ್ಮೋರೆ' ಎನ್ನುತ್ತಿದ್ದ. ಎರಡೂ ಮರ್ಯಾದೆಯ ಮಾತುಗಳೇ ಆದರೂ ನಮ್ಮಿಬ್ಬರ ಬಾಯಲ್ಲಿ ಅವು ಚುಡಾಯಿಸುವ ಮಾತುಗಳಾಗಿದ್ದವು. ನನ್ನ 'ಐತಿ'ಗೆ ಅವನು ನಗುತ್ತಿದ್ದ, ಅವನ 'ಐತೆ'ಗೆ ನಾನು ನಗುತ್ತಿದ್ದೆ. ಒಂದೇ ಅಕ್ಷರದ ವ್ಯತ್ಯಾಸಕ್ಕೆ ದಿನಗಟ್ಟಲೆ ನಗುವಷ್ಟು ವಯಸ್ಸು ಆಗ ಇಬ್ಬರದೂ.

ಮೊದಲು ಜೊತೆ ಕೆಲಸ ಮಾಡಿದ್ದು ಪೈಪು ಹಿಡಿದು. ಗೋಡೆಗಳು ಎದ್ದ ಮೇಲೆ ಎಲ್ಲ ಕೋಣೆಗಳಿಗೂ ಒಂದೇ ಮಟ್ಟದ ಗೀಟು ಹಾಕಬೇಕು. ನೆಲ, ಕಿಟಕಿ, ಬಾಗಿಲ ಎತ್ತರ ಎಲ್ಲವನ್ನೂ ಆ ಗೀಟಿನಿಂದಲೇ ಅಳೆಯುವುದು. ಅದಕ್ಕೆ ಒಳಗಿನ ನೀರು ಹೊರಗೆ ಕಾಣುವ ಉದ್ದನೆಯ ಪೈಪು ಸಾಕು. ಬಕೆಟ್ಟಿನಿಂದ ನೀರು ತುಂಬಿ, ಒಳಗೆ ಗುಳ್ಳೆ ಇಲ್ಲದಂತೆ ತಟ್ಟಿ ತಟ್ಟಿ ಹೊರಗೆ ಕಳಿಸಬೇಕು. ಒಂದು ಗುಳ್ಳೆ ಉಳಿದರೂ ಮಟ್ಟ ಸುಳ್ಳಾಗುತ್ತದೆ. ಎಲ್ಲೂ ಮಡಿಚಿಕೊಂಡಿರಬಾರದು, ಯಾರೂ ತುಳಿದಿರಬಾರದು. ಎರಡೂ ತುದಿಗಳನ್ನು ಮೊದಲು ಅಕ್ಕಪಕ್ಕ ಹಿಡಿದು ನೀರು ಸಮ ಇದೆಯೇ ಎಂದು ನೋಡಿಕೊಂಡು, ಆಮೇಲೆ ಒಬ್ಬರು ಒಂದು ಕೋಣೆಗೆ, ಇನ್ನೊಬ್ಬರು ಮತ್ತೊಂದು ಕೋಣೆಗೆ. ಒಯ್ಯುವಾಗ ನೀರು ಚೆಲ್ಲದಂತೆ ಬಾಯಿಗೆ ಹೆಬ್ಬೆರಳು, ಗೋಡೆಗೆ ಹಚ್ಚಿದ ಮೇಲೆ ಹೆಬ್ಬೆರಳು ತೆಗೆಯಬೇಕು.

ತೆಗೆದ ಕೂಡಲೇ ನೀರು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಕೊನೆಗೆ ನಿಲ್ಲುತ್ತದೆ. ಆಗ ಗೋಡೆಯ ಆಚೆಯಿಂದ ಅವನ ದನಿ ಬರುತ್ತಿತ್ತು.

"ನಿಂತೈತೇನ್ರೀ?"

"ನಿಂತೈತಿ."

"ಗೀಟು ಹಾಕ್ರಿ ಹಂಗಾರೆ."

ಒಮ್ಮೆ ನಾನು ಬೇಕೆಂದೇ "ಇಲ್ರೀ, ಇನ್ನೂ ಕುಣಿಯಾಕ್ಹತ್ತೈತಿ" ಎಂದೆ. ಅವನು ಆಚೆಯಿಂದ ಗದರಿದ.

"ಸುಳ್ಳು ಹೇಳಬ್ಯಾಡ್ರಿ ಮೇಡಮ್ಮೋರೆ. ನಂದು ನಿಂತೈತೆ ಅಂದ್ರೆ ನಿಮ್ದೂ ನಿಂತಿರಲೇಬೇಕು. ಎರಡೂ ಒಂದೇ ನೀರು."

ಅದು ನಿಜ. ಆ ಪೈಪಿನಲ್ಲಿ ಒಂದು ತುದಿಯ ನೀರು ನಿಂತು ಇನ್ನೊಂದರದು ಕದಲುತ್ತಿರಲು ಸಾಧ್ಯವೇ ಇಲ್ಲ. ಇಬ್ಬರಲ್ಲಿ ಒಬ್ಬರು ನಿಂತಿದೆ ಎಂದು, ಇನ್ನೊಬ್ಬರು ಇಲ್ಲ ಎಂದರೆ ಯಾರೋ ಒಬ್ಬರು ಆಟ ಆಡುತ್ತಿದ್ದಾರೆ ಎಂದೇ ಅರ್ಥ. ಆವತ್ತು ನಾನು ಸಿಕ್ಕಿಬಿದ್ದು ಒಬ್ಬಳೇ ಗೋಡೆಗೆ ಮುಖ ಹಚ್ಚಿ ನಕ್ಕೆ.

ಕಟ್ಟಡ ಮುಗಿಯುವ ಹೊತ್ತಿಗೆ ಚರಂಡಿಯ ಕೆಲಸ ಶುರುವಾಯಿತು. ಹಾಸ್ಟೆಲ್ಲಿನ ಹಿಂಬದಿಯಿಂದ ಹಳ್ಳದವರೆಗೆ ನೀರು ತಾನಾಗಿ ಹರಿದು ಹೋಗುವಂತೆ ಇಳಿಜಾರು ಕೊಡಬೇಕು. ಅಷ್ಟು ದೂರಕ್ಕೆ ಪೈಪು ಸಾಲದು, ಡಂಪಿ ಬೇಕು. ನಮ್ಮ ಗುತ್ತಿಗೆದಾರರ ಹತ್ತಿರ ಹಿತ್ತಾಳೆಯ ಒಂದು ಹಳೆಯ ಡಂಪಿ ಲೆವೆಲ್ ಇತ್ತು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸುವ ದುರ್ಬೀನು ಎಂದುಕೊಂಡರೆ ಸಾಕು. ತಿರುಪುಗಳನ್ನು ತಿರುಗಿಸಿ ಗಾಜಿನ ನಳಿಗೆಯ ಗುಳ್ಳೆಯನ್ನು ನಟ್ಟನಡುವೆ ತಂದರೆ ಅದರ ನೋಟ ಸಮತಟ್ಟಾಗುತ್ತದೆ. ದೂರದಲ್ಲಿ ಒಬ್ಬರು ಅಂಕಿ ಬರೆದ ಉದ್ದನೆಯ ಪಟ್ಟಿಯನ್ನು ನೆಟ್ಟಗೆ ಹಿಡಿದಿರಬೇಕು, ಅದೇ ಸ್ಟಾಫ್. ದುರ್ಬೀನಿನೊಳಗಿನ ಕೂದಲೆಳೆಯಂಥ ಗೆರೆ ಯಾವ ಅಂಕಿಯ ಮೇಲೆ ಬೀಳುತ್ತದೋ ಅದನ್ನು ಓದುವುದು. ಅಂಕಿ ಹೆಚ್ಚಾದಷ್ಟೂ ನೆಲ ತಗ್ಗು. ಬಿಸಿಲು ನೇರ ಬಿದ್ದರೆ ಗುಳ್ಳೆ ಸರಿಯುತ್ತದೆಂದು ಅದರ ಮೇಲೆ ಒಂದು ಕರಿ ಕೊಡೆ ಕಟ್ಟುತ್ತಿದ್ದೆವು.

ಹಳೆಯ ಡಂಪಿಯದೊಂದು ಗುಣವಿತ್ತು. ಅದರಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಆಕಾಶ ಕೆಳಗೆ, ನೆಲ ಮೇಲೆ, ಅಂಕಿಗಳು ಬಾವಲಿಗಳ ಹಾಗೆ ಜೋತುಬಿದ್ದಿರುತ್ತಿದ್ದವು. ಓದಿ ಓದಿ ರೂಢಿಯಾದ ಮೇಲೆ ಅದು ವಿಚಿತ್ರವೆನಿಸುತ್ತಿರಲಿಲ್ಲ. ಆದರೆ ಅವನು ಕಾಣುವುದು ಮಾತ್ರ ನನಗೆ ಕೊನೆಯವರೆಗೂ ರೂಢಿಯಾಗಲಿಲ್ಲ. ಕಣ್ಣು ಹಚ್ಚಿದರೆ ಒಂದು ದುಂಡನೆಯ ಬೆಳಕಿನಲ್ಲಿ ಪಟ್ಟಿಯ ಒಂದು ತುಂಡು, ಅದನ್ನು ಹಿಡಿದ ಕೈ, ಅಂಗಿಯ ಒಂದು ಗುಂಡಿ. ಪೂರ್ತಿ ಮನುಷ್ಯ ಆ ದುಂಡಿನಲ್ಲಿ ಹಿಡಿಸುತ್ತಿರಲಿಲ್ಲ. ಎದುರಿಗೆ ನಿಂತಾಗ ಒಬ್ಬ ಗಂಡಸಿನ ಕೈಯನ್ನು ಯಾರು ಅಷ್ಟು ಹೊತ್ತು ನೋಡುತ್ತಾರೆ? ಡಂಪಿಯಲ್ಲಿ ನೋಡಬಹುದಿತ್ತು. ಅದು ನನ್ನ ಕೆಲಸವೇ ಆಗಿತ್ತು. ತೋರುಬೆರಳಿನ ಉಗುರು ಒಡೆದದ್ದು, ಹೆಬ್ಬೆರಳಿನ ಬುಡದ ಸುಣ್ಣದ ಕಲೆ ಎಲ್ಲ ನನಗೆ ಗೊತ್ತಿದ್ದವು. ಅವನ ಮುಖ ಈಗ ಅಷ್ಟಾಗಿ ನೆನಪಿಲ್ಲ. ಆ ಕೈ ನೆನಪಿದೆ.

ಮಧ್ಯಾಹ್ನ ಕೊಟ್ಟೂರಿನ ಕರಿನೆಲ ಕಾದು ಗಾಳಿ ನಡುಗಲು ಶುರುವಾದರೆ ಅಂಕಿಗಳು ಕುಣಿಯುತ್ತಿದ್ದವು. ಆಗ ಅವನು ಅಂಗೈಯ ಅಂಚನ್ನು ಪಟ್ಟಿಯ ಮೇಲೆ ಅಡ್ಡ ಇಟ್ಟು ಮೆಲ್ಲಗೆ ಜಾರಿಸುತ್ತಿದ್ದ. ಗೆರೆಗೆ ಅಂಚು ಮುಟ್ಟಿದ ಕೂಡಲೇ ನಾನು ತೋಳೆತ್ತಿ ನಿಲ್ಲಿಸುತ್ತಿದ್ದೆ. ಅವನು ಅಲ್ಲಿಯೇ ಅಂಕಿ ಓದಿ ಕೂಗುತ್ತಿದ್ದ. ಹೀಗೆ ಕೈ ಜಾರಿಸುವುದು ಮೊದಲು ಕೆಲಸಕ್ಕೆ ಹುಟ್ಟಿ ಆಮೇಲೆ ನಮ್ಮ ಭಾಷೆಯಾಯಿತು. ಕೈ ಮೇಲಕ್ಕೆ ಹೋದರೆ ಹೌದು, ಕೆಳಕ್ಕೆ ಹೋದರೆ ಇಲ್ಲ. ಚಾ ಕುಡಿಯೋಣವೇ ಎಂದು ನಾನು ಲೋಟದ ಸನ್ನೆ ಮಾಡಿದರೆ ಅವನ ಕೈ ಮೇಲಕ್ಕೆ ಹೋಗುತ್ತಿತ್ತು. ಬುತ್ತಿ ತಂದಿದ್ದೀರಾ ಎಂದರೆ ಕೆಳಕ್ಕೆ ಹೋಗುತ್ತಿತ್ತು, ಅಂದರೆ ನನ್ನ ಡಬ್ಬಿಯ ರೊಟ್ಟಿಗೆ ಪಾಲು ಬಂತು ಎಂದು ತಿಳಿಯಬೇಕು.

ಆದರೆ ಡಂಪಿಯಲ್ಲಿ ಮೇಲಿನದು ಕೆಳಗೆ ಕಾಣುತ್ತದಲ್ಲ! ಮೊದಲ ದಿನಗಳಲ್ಲಿ ಅವನು ಹೌದು ಎಂದದ್ದು ನನಗೆ ಇಲ್ಲ ಎಂದು ಕಂಡು ನಾನು ಮುಖ ಊದಿಸಿಕೊಂಡಿದ್ದೆ. ಅದು ಅವನಿಗೆ ಹೇಗೆ ತಿಳಿಯಿತೋ, ಮಾರನೆಯ ದಿನದಿಂದ ತಾನೇ ತಿರುಗಿಸಿ ಮಾಡತೊಡಗಿದ. ಹೌದು ಅನ್ನಬೇಕಾದರೆ ಕೈಯನ್ನು ಕೆಳಕ್ಕೆ ಜಾರಿಸುತ್ತಿದ್ದ, ನನ್ನ ಕಣ್ಣಿಗೆ ಅದು ಮೇಲಕ್ಕೆ ಹೋದಂತೆ ಕಾಣಲಿ ಎಂದು.

"ನೀವು ತಲಿಯೊಳಗ ತಿರುಗಿಸ್ಕೊಳ್ಳೋ ತ್ರಾಸು ಯಾಕೆ? ನಾನೇ ತಿರುಗಿಸ್ತೀನಿ ಬಿಡ್ರಿ" ಎಂದಿದ್ದ.

ಇಷ್ಟು ಸಣ್ಣ ಉಪಕಾರಕ್ಕೆ ಒಬ್ಬ ಹೆಣ್ಣು ಮನಸ್ಸು ಕೊಡುತ್ತಾಳೆಯೇ ಎಂದು ಕೇಳಿದರೆ, ಕೊಡುತ್ತಾಳೆ. ನನ್ನ ಜೀವಮಾನದಲ್ಲಿ ನನ್ನ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಯೋಚಿಸಿ ಕೈ ಆಡಿಸಿದವನು ಅವನೊಬ್ಬನೇ.

ಚರಂಡಿಯ ಇಳಿಜಾರಿಗೆಂದು ಸಾಲಾಗಿ ನೆಟ್ಟ ಗೂಟಗಳಲ್ಲಿ ಹಳ್ಳದ ಹತ್ತಿರದ ಕೊನೆಯದೊಂದರ ಮಟ್ಟ ನೋಡುವುದು ಉಳಿದಿದ್ದಾಗ, ಒಂದು ಸಂಜೆ ಚಾ ಅಂಗಡಿಯ ಬೆಂಚಿನ ಮೇಲೆ ಅವನು ವಿಷಯ ತೆಗೆದ. ಬಿಜಾಪುರದ ಕಡೆ ಕಾಲುವೆ ಕೆಲಸಕ್ಕೆ ಕರೆ ಬಂದಿತ್ತು. ಇಲ್ಲಿಗಿಂತ ದೊಡ್ಡ ಕೆಲಸ.

"ಹೋಗಲೋ, ಇರಲೋ?" ಎಂದ.

"ನನ್ನ ಯಾಕ ಕೇಳ್ತೀರಿ?"

"ಮತ್ಯಾರನ್ನ ಕೇಳ್ಲಿ?"

ನಾನು ಚಾ ಲೋಟವನ್ನು ಬೆಂಚಿನ ಮೇಲಿಟ್ಟೆ. ಅವನೇ ಮುಂದುವರಿದ.

"ಇರೋದಾದ್ರೆ ಸುಮ್ನೆ ಇರೋಕಾಗಲ್ರೀ. ಮೊದಲು ನಮ್ಮ ಮನೆಯಾಗೆ ಒಪ್ಪಿಸ್ಬೇಕು. ಆಮೇಲೆ ನಿಮ್ಮ ಮನೆಗೆ ಬರ್ಬೇಕು. ನಮ್ಮೋರು ಅಷ್ಟು ಸುಲಭಕ್ಕೆ ಒಪ್ಪೋರಲ್ಲ, ನಿಮಗೂ ಗೊತ್ತೈತೆ."

ಗೊತ್ತಿತ್ತು. ಅವರ ಕೇರಿ ಬೇರೆ, ನಮ್ಮ ಕೇರಿ ಬೇರೆ. ನನ್ನ ಡಬ್ಬಿಯ ರೊಟ್ಟಿಯನ್ನು ಅವನು ಯಾವ ಯೋಚನೆಯೂ ಇಲ್ಲದೆ ಮುರಿದುಕೊಳ್ಳುತ್ತಿದ್ದನೆಂದ ಮಾತ್ರಕ್ಕೆ ಅವನ ಅವ್ವ ನನ್ನನ್ನು ಅಡುಗೆಮನೆಗೆ ಕರೆಯುತ್ತಾಳೆಂದು ಏನೂ ಇರಲಿಲ್ಲ.

"ಊರಿಗೆ ಹೋಗಿ ಮಾತಾಡ್ತೀನಿ. ತಿರುಗಿ ಬರೋ ದಿನ ಬಸ್ಸಿನಿಂದ ಹಳ್ಳದ ಹತ್ರಾನೇ ಇಳೀತೀನಿ. ಸ್ಟಾಫ್ ಅಲ್ಲೇ ಪಂಪಿನ ಮನೆಯಾಗೆ ಐತಲ್ಲ. ಕೊನೇ ಗೂಟದ ಮೇಲೆ ಹಿಡ್ಕೊಂಡು ಹೇಳ್ತೀನಿ. ನಿಮ್ಮ ಕಣ್ಣಿಗೆ ಕೈ ಮೇಲಕ್ಕೆ ಹೋದ್ರೆ ಇರ್ತೀನಿ. ಕೆಳಗೆ ಹೋದ್ರೆ..."

"ಎದುರಿಗೆ ಬಂದು ಹೇಳಿದ್ರ ಬಾಯಿ ಸವೀತೈತೇನು?"

"ಇಲ್ಲ ಅನ್ನೋ ಹಂಗಾದ್ರೆ, ನಿಮ್ಮ ಮುಖ ನೋಡ್ಕೊಂಡು ಹೇಳೋ ಧೈರ್ಯ ನಂಗಿಲ್ಲ."

ಅವನು ಊರಿಗೆ ಹೋದ. ಅವನಿಲ್ಲದ ಆ ದಿನಗಳಲ್ಲೇ ಗುತ್ತಿಗೆದಾರರು ದಾವಣಗೆರೆಯಿಂದ ಹೊಸ ಆಟೋ ಲೆವೆಲ್ ತಂದರು. ತರುತ್ತೇನೆ, ತರುತ್ತೇನೆ ಎಂದು ಅವರು ಬಹಳ ದಿನದಿಂದ ಎಲ್ಲರ ಮುಂದೆಯೂ ಹೇಳುತ್ತಲೇ ಇದ್ದರು. ಅದರಲ್ಲಿ ಗುಳ್ಳೆಯನ್ನು ಅಂದಾಜಿಗೆ ನಡುವೆ ತಂದರೆ ಸಾಕು, ಒಳಗೆ ತೂಗುಬಿಟ್ಟ ಗಾಜು ಉಳಿದದ್ದನ್ನು ತಾನೇ ಸರಿಮಾಡಿಕೊಳ್ಳುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅದರಲ್ಲಿ ಲೋಕ ನೆಟ್ಟಗೆ ಕಾಣುತ್ತಿತ್ತು. ಆಕಾಶ ಮೇಲೆ, ನೆಲ ಕೆಳಗೆ. ಮೊದಲ ಸಲ ಕಣ್ಣಿಟ್ಟಾಗ ನನಗೆ ಎಳೆ ಹುಡುಗಿಯಷ್ಟು ಖುಷಿಯಾಯಿತು. ಡಂಪಿಯನ್ನು ಅದರ ಮರದ ಪೆಟ್ಟಿಗೆಗೆ ಹಾಕಿ ಶೆಡ್ಡಿನ ಮೂಲೆಗೆ ತಳ್ಳಿದೆ.

ಆ ಬೆಳಿಗ್ಗೆ ಹೊಸ ಉಪಕರಣ ನಿಲ್ಲಿಸಿ, ರೂಢಿಯಂತೆ ಮೇಲೆ ಕರಿ ಕೊಡೆ ಕಟ್ಟಿದೆ. ಹರಪನಹಳ್ಳಿ ಕಡೆಯ ಬಸ್ಸು ಹಳ್ಳದ ಹತ್ತಿರ ನಿಂತು ಹೋಯಿತು. ಸ್ವಲ್ಪ ಹೊತ್ತಿಗೆ ಕೊನೆಯ ಗೂಟದ ಮೇಲೆ ಸ್ಟಾಫ್ ಎದ್ದು ನಿಂತಿತು. ನನ್ನ ಎದೆ ಹೊಡೆದುಕೊಳ್ಳುತ್ತಿದ್ದ ರೀತಿಗೆ ಸ್ಟ್ಯಾಂಡು ಅಲುಗೀತು ಎಂದು ಹೆದರಿ ಉಸಿರು ಹಿಡಿದೆ. ಅಂಕಿ ಓದಿದೆ. ಬೇಕಾದ ಇಳಿಜಾರು ಸರಿಯಾಗಿ ಸಿಕ್ಕಿತ್ತು. ಸರಿ ಎಂದು ತೋಳೆತ್ತಿದೆ. ಆಮೇಲೆ ಮತ್ತೆ ಕಣ್ಣು ಹಚ್ಚಿದೆ.

ಒಡೆದ ಉಗುರಿನ ಆ ಕೈ ಪಟ್ಟಿಯ ಮೇಲೆ ಬಂತು, ಒಂದು ಕ್ಷಣ ತಡೆಯಿತು, ಮೆಲ್ಲಗೆ ಕೆಳಕ್ಕೆ ಜಾರಿ ದುಂಡಿನಿಂದಾಚೆ ಹೋಯಿತು.

ಅಳು ಬರಲಿಲ್ಲ, ಸಿಟ್ಟು ಬಂತು. ನನಗೆ ಯಾವಾಗಲೂ ಮೊದಲು ಸಿಟ್ಟೇ ಬರುತ್ತದೆ, ಉಳಿದವೆಲ್ಲ ಅದರ ಹಿಂದೆ ಸಾಲಾಗಿ ಬರುತ್ತವೆ. ಉಪಕರಣ ಬಿಚ್ಚಿ ಪೆಟ್ಟಿಗೆಗೆ ಹಾಕಿ ಆಳಿನ ಕೈಯಲ್ಲಿ ಶೆಡ್ಡಿಗೆ ಕಳಿಸಿದೆ. ಅವನು ಸ್ಟಾಫನ್ನು ಹೆಗಲ ಮೇಲೆ ಹೊತ್ತು ಹೊಲದ ಬದುವಿನ ಮೇಲೆ ಬರುವಾಗ ನಗುತ್ತಿದ್ದ. ಆ ನಗು ಕಂಡು ನನಗೆ ಇನ್ನಷ್ಟು ಉರಿಯಿತು. ಹೋಗುವ ಖುಷಿ ಎಷ್ಟಿದೆ ನೋಡು ಎಂದುಕೊಂಡೆ. ಅವನು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ.

"ಗೊತ್ತಾತು ಬಿಡ್ರಿ ಸೂಪರ್‌ವೈಸರ್ರೇ. ಮತ್ತ ಬಾಯಿಲೆ ಹೇಳೋದು ಬ್ಯಾಡ. ನೀವು ಬಿಜಾಪುರಕ್ಕ ಹೋಗೋದ ಚಲೋ. ನಂಗೂ ಅದ ಅನ್ನಿಸಿತ್ತು."

ಅವನ ನಗು ಅಲ್ಲೇ ನಿಂತಿತು.

"ನಿಮಗೂ ಅದೇ ಅನ್ನಿಸಿತ್ತಾ?"

"ಹೂಂ. ಮೊದಲಿಂದ್ಲೂ."

ಹೊತ್ತ ಸ್ಟಾಫನ್ನು ಅವನು ಬೇವಿನ ಮರಕ್ಕೆ ಒರಗಿಸಿದ. ಅಂಗೈ ಉಜ್ಜಿಕೊಂಡ. "ಸರಿ ಬಿಡ್ರಿ" ಎಂದ. ಆವತ್ತೇ ಸಂಜೆಯ ಬಸ್ಸಿಗೆ ಹೋದ. ನಾನು ಶೆಡ್ಡಿನಲ್ಲಿ ಕೂತು ಚರಂಡಿಯ ಲೆಕ್ಕ ಬರೆಯುವ ನಾಟಕ ಮಾಡಿದೆ.

ಮುಂದಿನ ಮಳೆಗಾಲದ ಹೊತ್ತಿಗೆ ಹೊಸ ಆಟೋ ಲೆವೆಲ್ ಯಾರದೋ ಕೈ ಜಾರಿ ಬಿದ್ದು ದುರಸ್ತಿಗೆ ಹೋಯಿತು. ಹಡಗಲಿಯ ಹತ್ತಿರದ ಒಂದು ಕೆಲಸಕ್ಕೆ ನಾನು ಡಂಪಿಯ ಮರದ ಪೆಟ್ಟಿಗೆ ತೆರೆದೆ. ಹೊಸದಾಗಿ ಬಂದಿದ್ದ ಆಳು ಸ್ಟಾಫ್ ಹಿಡಿದಿದ್ದ. ಬಿಸಿಲಿಗೆ ಅಂಕಿ ಕುಣಿಯುತ್ತಿತ್ತು, ಅಂಗೈಯನ್ನು ಮೇಲಕ್ಕೆ ಸರಿಸಪ್ಪ ಎಂದು ಕೂಗಿದೆ. ದುರ್ಬೀನಿನಲ್ಲಿ ಕೈ ಕೆಳಕ್ಕೆ ಸರಿಯಿತು.

ಆಗ ಹೊಳೆಯಿತು.

ಹಳ್ಳದ ಹತ್ತಿರ ನಿಂತವನಿಗೆ ಕೊಡೆಯ ಕೆಳಗೆ ಯಾವ ಉಪಕರಣವಿದೆ ಎಂದು ಹೇಗೆ ಕಂಡೀತು? ಅವನು ಊರಿನಿಂದ ನೇರ ಅಲ್ಲಿಗೇ ಬಂದವನು. ಡಂಪಿಯೇ ಇದೆ ಎಂದುಕೊಂಡಿದ್ದರೆ, ರೂಢಿಯಂತೆ ನನಗೋಸ್ಕರ ತಿರುಗಿಸಿಯೇ ಕೈ ಆಡಿಸಿದ್ದರೆ, ಕೆಳಕ್ಕೆ ಜಾರಿದ ಕೈ ಹೌದು ಎಂದಿತ್ತು. ಆದರೆ ಹೊಸದು ಬರುವ ಸುದ್ದಿ ಅವನಿಗೂ ಗೊತ್ತಿದ್ದದ್ದೇ. ಬಂದಿರಬೇಕು ಎಂದುಕೊಂಡು ನೆಟ್ಟಗೇ ಆಡಿಸಿದ್ದರೆ, ಇಲ್ಲ ಎಂದದ್ದು ಇಲ್ಲವೇ. ನನ್ನ ಇಡೀ ಬದುಕು, ಆ ಬೆಳಿಗ್ಗೆ ಅವನಿಗೆ ಒಂದು ಸಂಗತಿ ಗೊತ್ತಿತ್ತೋ ಇಲ್ಲವೋ ಎಂಬುದರ ಮೇಲೆ ನಿಂತುಬಿಟ್ಟಿತು.

ಸಂಜೆ ಗುತ್ತಿಗೆದಾರರ ಹತ್ತಿರ ಅವನ ವಿಳಾಸ ಕೇಳಿದೆ. "ಅವಂದು ಲಗ್ನ ಗೊತ್ತಾಗೈತಲ್ಲಮ್ಮ, ಸೋದರಮಾವನ ಮಗಳ ಕೂಡ" ಎಂದರು ಅವರು. ಹೌದಾ ಎಂದು ಹೇಳಿ ಹೊರಗೆ ಬಂದೆ. ಮದುವೆ ಗೊತ್ತಾದವನನ್ನು ಹುಡುಕಿಕೊಂಡು ಹೋಗಿ, ಆವತ್ತು ಕೊಡೆಯ ಕೆಳಗೆ ಏನಿತ್ತು ಅಂದುಕೊಂಡಿದ್ದಿರಿ ಎಂದು ಕೇಳಲೇ? ಬಸ್ ನಿಲ್ದಾಣದ ಕಲ್ಲಿನ ಬೆಂಚಿನ ಮೇಲೆ ಕೂತು ಅತ್ತೆ. ಅಷ್ಟು ಜನರ ನಡುವೆ ಅತ್ತದ್ದು ಅದೊಂದೇ ಸಲ.

ಮುಂದೆ ನನಗೆ ಸರ್ಕಾರಿ ಕೆಲಸ ಸಿಕ್ಕಿತು. ಮದುವೆಯಾಯಿತು. ನನ್ನ ಗಂಡ ಶಾಲಾ ಮಾಸ್ತರು, ನನ್ನ ಸಿಟ್ಟಿಗೆ ಹೆದರದೆ ನಗುವಂಥ ಒಳ್ಳೆಯ ಮನುಷ್ಯ. ಮಗಳು ಹುಟ್ಟಿದಳು. ಹಡಗಲಿಯಿಂದ ಕೂಡ್ಲಿಗಿಯವರೆಗೆ ಶಾಲೆ, ಅಂಗನವಾಡಿ, ಆಸ್ಪತ್ರೆ ಕಟ್ಟಡಗಳ ಮಟ್ಟ ನೋಡುತ್ತ ತಿರುಗಿದೆ. ಕೋಗಳಿಯಲ್ಲಿ ಒಂದು ಶಾಲೆಯ ಕಾಂಪೌಂಡಿಗೆ ಲೆವೆಲ್ ಹಾಕುವಾಗ, ಕೆಲಸ ಮುಗಿದ ಮೇಲೆ ಉಪಕರಣವನ್ನು ಸುಮ್ಮನೆ ಹಳೆಯ ಬಸದಿಯ ಕಡೆ ತಿರುಗಿಸಿದೆ. ಕಲ್ಲುಗಳು ಸಾಲಾಗಿ ಕೂತಿದ್ದವು. ಈ ಸಾಲು ಜೋಡಿಸಿದಾಗಲೂ ಯಾರೋ ಇಬ್ಬರು ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು, ಸರಿ ಬಂತಾ ಎಂದು ಕೂಗಿರಬೇಕಲ್ಲ ಅನ್ನಿಸಿತು. ಅವರೇನಾದರು ಎಂದು ಕೇಳಲು ಯಾರೂ ಇರಲಿಲ್ಲ.

ನಾನು ಅವನನ್ನು ನೆನೆಯುತ್ತಿರಲಿಲ್ಲ ಎಂದು ಬರೆದರೆ ಅದು ಸುಳ್ಳು. ಉಪಕರಣಕ್ಕೆ ಕಣ್ಣು ಹಚ್ಚಿದಾಗಲೆಲ್ಲ ದುಂಡಿನೊಳಗೆ ಯಾರದೋ ಕೈ ಬರುತ್ತಿತ್ತು, ಮತ್ತು ಅದು ಅವನದಾಗಿರಬಾರದೇ ಎಂದು ಒಂದು ಗಳಿಗೆ ಆಸೆಯಾಗುತ್ತಿತ್ತು. ಅವನು ಬೇಕು ಎಂದಲ್ಲ, ಅದು ದಾಟಿಹೋದ ಮಾತು. ಆವತ್ತು ಅವನು ಹೌದು ಎಂದಿದ್ದನೇ ಎಂಬುದಷ್ಟೇ ಬೇಕಿತ್ತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಆಸ್ಪತ್ರೆಯ ಹೊಸ ಕಟ್ಟಡದ ನೆಲದ ಮಟ್ಟ ತಪಾಸಣೆ ಮಾಡಲು ಹೋಗಿದ್ದೆ. ಗುತ್ತಿಗೆದಾರನ ಕಡೆಯಿಂದ ಸೈಟ್ ನೋಡಿಕೊಳ್ಳುವವರು ಹಳದಿ ಪೆಟ್ಟಿಗೆಯೊಂದನ್ನು ಹಿಡಿದು ಒಳಗೆ ಬಂದರು. ತಲೆಯಲ್ಲಿ ಕೂದಲು ಕಡಿಮೆಯಾಗಿತ್ತು. ನಾನು ಗುರುತಿಸಿದ್ದು ಪೆಟ್ಟಿಗೆ ಹಿಡಿದ ಕೈಯನ್ನು.

"ಚೆನ್ನಾಗಿದೀರೇನ್ರೀ ಮೇಡಮ್ಮೋರೆ?" ಎಂದ.

"ಅದೀನ್ರಿ" ಎಂದೆ. ಸುತ್ತ ಟೈಲ್ಸಿನವರು, ಬಣ್ಣದವರು ಇದ್ದರು. ಮಕ್ಕಳೆಷ್ಟು ಎಂದು ಅವನು ಕೇಳಿದ, ನಾನೂ ಕೇಳಿದೆ. ಆಮೇಲೆ ಇಬ್ಬರೂ ಕೆಲಸದ ಕಡೆ ತಿರುಗಿದೆವು.

ಪೆಟ್ಟಿಗೆಯಲ್ಲಿದ್ದದ್ದು ಲೇಸರ್ ಲೆವೆಲ್. ಕೋಣೆಯ ನಡುವೆ ಇಟ್ಟು ಗುಂಡಿ ಒತ್ತಿದರೆ ತಾನೇ ಮಟ್ಟ ಮಾಡಿಕೊಂಡು ಸುತ್ತಲಿನ ಗೋಡೆಗಳಿಗೆಲ್ಲ ಒಂದು ಕೆಂಪು ಗೆರೆ ಎಳೆದುಬಿಡುತ್ತಿತ್ತು. ಆ ತುದಿಯಲ್ಲಿ ಯಾರೂ ನಿಲ್ಲಬೇಕಿಲ್ಲ, ಯಾರನ್ನೂ ಕೂಗಬೇಕಿಲ್ಲ. ಗೋಡೆಯ ಮೇಲೆ ಗೆರೆಗೆ ಸರಿಯಾಗಿ ಪೆನ್ಸಿಲ್ ಗುರುತು ಮಾಡಿಸಿದೆ. ಆಮೇಲೆ ಉಪಕರಣವನ್ನು ಇದ್ದಲ್ಲೇ ಹಿಂದುಮುಂದು ತಿರುಗಿಸಿ ಇಡಿಸಿದೆ. ಅದು ಸರಿಯಿದ್ದರೆ ಗೆರೆ ಗುರುತಿನ ಮೇಲೆಯೇ ಬರಬೇಕು. ಒಂದು ಬೆರಳಿನ ದಪ್ಪದಷ್ಟು ತಪ್ಪಿತು.

"ಇದೂ ಬಿದ್ದೈತೇನ್ರಿ?" ಎಂದೆ.

"ಜೀಪಿನಾಗೆ ಕುಲುಕೈತೆ ಅನ್ಸುತ್ತೆ. ರಿಪೇರಿಗೆ ಕಳಿಸ್ತೀನಿ. ಇವತ್ತಿಗೆ ಪೈಪು ತರಿಸ್ಲಾ?"

ಪೈಪು ಬಂತು. ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಇಬ್ಬರೂ ನೀರು ತುಂಬಿದೆವು. ಗುಳ್ಳೆ ಹೋಗಲೆಂದು ಅವನು ಪೈಪು ತಟ್ಟುತ್ತಿದ್ದ, ನಾನು ಎತ್ತಿ ಹಿಡಿದಿದ್ದೆ. ಎರಡು ತುದಿ ಅಕ್ಕಪಕ್ಕ ಹಿಡಿದು ನೀರು ಸಮ ಇದೆ ಎಂದು ನೋಡಿಕೊಂಡೆವು. ತನ್ನ ತುದಿ ಹಿಡಿದು ಅವನು ವಾರ್ಡಿನ ಕೋಣೆಗೆ ಹೋದ, ನಾನು ಔಷಧಿ ಕೋಣೆಗೆ ಬಂದೆ. ನಡುವೆ ಗೋಡೆ. ನನ್ನ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗೋಡೆ ಇದ್ದದ್ದಕ್ಕೇ ನನಗೆ ಧೈರ್ಯ ಬಂತು. ಮುಖ ನೋಡಿಕೊಂಡು ಕೇಳುವ ಧೈರ್ಯ ನನಗೂ ಇರಲಿಲ್ಲವೆಂದು ಆಗ ತಿಳಿಯಿತು.

"ಅಲ್ಲಿ ಯಾರಾರ ಅದಾರೇನ್ರಿ?"

"ಇಲ್ಲ, ನಾನೊಬ್ನೇ."

"ಅವತ್ತು ಹಳ್ಳದ ಗೂಟದ ಮ್ಯಾಲ ಕೈ ಕೆಳಗ ಜಾರಿಸಿದ್ರಿ."

ಆ ಕಡೆ ಪೈಪು ಗೋಡೆಗೆ ಉಜ್ಜಿದ ಸದ್ದಾಯಿತು.

"ಹೂಂ" ಎಂದ ಆಮೇಲೆ. "ನಿಮಗೆ ಮೇಲೆ ಹೋದಂಗೆ ಕಾಣ್ಲಿ ಅಂತ."

ನಾನು ಗೋಡೆಗೆ ಹಣೆ ಹಚ್ಚಿದೆ. ಹಸಿ ಗಾರೆಯ ತಂಪು ಹಣೆಗೆ ತಾಗಿತು.

"ಅವತ್ತು ಕರಿ ಕೊಡಿ ಕೆಳಗ ಹೊಸಾದು ಇತ್ರಿ" ಎಂದೆ. "ನೆಟ್ಟಗ ಕಾಣೋದು. ನೀವು ಊರಾಗಿದ್ದಾಗ ಬಂದಿತ್ತು."

ಹೊರಗೆ ಟೈಲ್ಸು ಕತ್ತರಿಸುವ ಯಂತ್ರ ಕಿರುಚಿ ನಿಂತಿತು.

"ಅವ್ವ ಒಪ್ಪಿದ್ಲು" ಎಂದ ಅವನು. ಅಷ್ಟೇ ಹೇಳಿದ.

ಕಣ್ಣು ಒರೆಸಿಕೊಂಡು ಪೈಪು ಗೋಡೆಗೆ ಹಚ್ಚಿದೆ. ಹೆಬ್ಬೆರಳು ತೆಗೆದೆ. ನೀರು ಏರಿತು, ಇಳಿಯಿತು, ಮತ್ತೆ ಏರಿತು. ಪೆನ್ಸಿಲ್ ಹಿಡಿದು ಕಾದೆ. ಕೊನೆಗೆ ನನ್ನ ತುದಿಯಲ್ಲಿ ನೀರು ಒಂದಿಷ್ಟೂ ಕದಲದೆ ನಿಂತಿತು. ಗೀಟು ಹಾಕಿದರೆ ಕೆಲಸ ಮುಗಿಯುತ್ತಿತ್ತು. ಅವನು ತನ್ನ ತುದಿಯನ್ನು ಸುತ್ತಿಕೊಂಡು ಹೊರಗೆ ಬರುತ್ತಿದ್ದ, ನಾನು ಜೀಪು ಹತ್ತುತ್ತಿದ್ದೆ.

"ನಿಂತೈತೇನ್ರೀ?" ಎಂದು ಆಚೆಯಿಂದ ಕೇಳಿದ.

"ಇಲ್ರೀ" ಎಂದೆ. "ಇನ್ನೂ ನಿಂತಿಲ್ಲ."

ಒಂದೇ ನೀರು ಎಂದು ಅವನು ಗದರುತ್ತಾನೆ ಎಂದು ಕಾದೆ. ಅವನು ಗದರಲಿಲ್ಲ.

"ನಂದೂ ನಿಂತಿಲ್ರೀ" ಎಂದ.